ಡೆಂಡ್ರೋಗ್ರಾಮ್ ಓದುವುದು ಹೇಗೆ, ಎಲ್ಲಿ ಕತ್ತರಿಸುವುದು? ಎಂಟು ಹೊಲಗಳ ಸವಳು ಇಟ್ಟುಕೊಂಡು ಪದೇ ಪದೇ ಕೇಳುವ ಪ್ರಶ್ನೆಗಳು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಸವಳು-ಜವಳು ಗೊತ್ತಿಲ್ಲದ ರೈತರು ಕಡಿಮೆ. ಎರೆ ಭೂಮಿ, ವರ್ಷಾನುಗಟ್ಟಲೆ ಭತ್ತ, ನಿಂತ ನೀರು. ನೀರು ಆರಿದ ಮೇಲೆ ಮೇಲೆದ್ದು ಬರುವ ಬಿಳಿ ಉಪ್ಪು. ಯಾವ ಹೊಲಗಳನ್ನು ಒಂದು ಗುಂಪು ಅಂತ ನೋಡಬೇಕು, ಯಾವುದಕ್ಕೆ ಮೊದಲು ಬಸಿಗಾಲುವೆ ಬೇಕು ಅನ್ನುವ ಮಾತು ಬಂದಾಗ, ಹತ್ತಿರದವುಗಳನ್ನು ಹಂತ ಹಂತವಾಗಿ ಸೇರಿಸುತ್ತಾ ಗುಂಪು ಮಾಡುವ ಹೈರಾರ್ಕಿಕಲ್ ಕ್ಲಸ್ಟರಿಂಗ್ ಕೆಲಸಕ್ಕೆ ಬರುತ್ತದೆ. ಆ ಸೇರಿಕೆಗಳನ್ನು ಗಿಡದ ಹಾಗೆ ತೋರಿಸುವ ಚಿತ್ರವೇ ಡೆಂಡ್ರೋಗ್ರಾಮ್. ಮಣ್ಣಿನ ವರದಿಗಳ ಮೇಲೆ ಈ ಲೆಕ್ಕ ಕಲಿಯುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಎಲ್ಲ ಉತ್ತರಕ್ಕೂ ಒಂದೇ ಉದಾಹರಣೆ ಬಳಸಿದ್ದೇನೆ.

ಆ ಉದಾಹರಣೆ ಯಾವುದು?

ಒಂದು ಉಪಕಾಲುವೆಯ ಮೇಲ್ಭಾಗದಿಂದ ಕೊನೇ ಭಾಗದವರೆಗೆ ಎಂಟು ಹೊಲಗಳು ಇವೆ ಅಂದುಕೊಳ್ಳಿ. ಪ್ರತಿ ಹೊಲದ ಮಣ್ಣಿನ ಇ.ಸಿ., ಅಂದರೆ ವಿದ್ಯುತ್ ವಾಹಕತೆ, ಅಳೆದಿದ್ದೇವೆ. ಮಣ್ಣಲ್ಲಿ ಉಪ್ಪು ಜಾಸ್ತಿಯಾದಷ್ಟೂ ಇದು ಏರುತ್ತದೆ. ಅಳತೆ ಡೆಸಿಸೀಮನ್ಸ್ ಪ್ರತಿ ಮೀಟರ್‌ಗೆ.

ಕ 0.6, ಖ 0.8, ಗ 1.3, ತ 3.0, ಥ 3.4, ದ 4.2, ಪ 8.0, ಫ 9.1.

ಈ ಅಂಕಿಗಳು ಯಾವ ಊರಿನ ವರದಿಯೂ ಅಲ್ಲ. ಕಾಗದದ ಮೇಲೆ ಕೈಲೆಕ್ಕ ಮಾಡಲು ಸಲೀಸಾಗಲಿ ಅಂತ ನಾನೇ ಇಟ್ಟುಕೊಂಡವು. ನೀವೂ ಪೆನ್ನು ಹಿಡಿದು ಕೂತರೆ ಒಳ್ಳೆಯದು. ಒಮ್ಮೆ ಕೈಯಿಂದ ಗಿಡ ಕಟ್ಟಿದವರಿಗೆ ಅದನ್ನು ಓದುವುದು ಮರೆತುಹೋಗುವುದಿಲ್ಲ.

ಗಿಡ ಹುಟ್ಟುವುದು ಹೇಗೆ?

ಶುರುವಿನಲ್ಲಿ ಎಂಟು ಹೊಲ, ಎಂಟು ಗುಂಪು. ಪ್ರತಿ ಸಲವೂ ಎಲ್ಲಕ್ಕಿಂತ ಹತ್ತಿರ ಇರುವ ಎರಡು ಗುಂಪು ಹುಡುಕಿ ಸೇರಿಸುತ್ತೇವೆ. ಎಷ್ಟು ದೂರದಲ್ಲಿ ಸೇರಿದವೋ ಅದೇ ಆ ಸೇರಿಕೆಯ ಎತ್ತರ. ಏಳು ಸಲ ಸೇರಿಸಿದರೆ ಎಲ್ಲವೂ ಒಂದಾಗುತ್ತವೆ.

ಮೊದಲು ಕ ಮತ್ತು ಖ, 0.2ರಲ್ಲಿ. ಆಮೇಲೆ ತ ಮತ್ತು ಥ, 0.4ರಲ್ಲಿ. ಈಗ ಗ ಹೊಲ ಕ-ಖ ಜೋಡಿಗೆ ಎಷ್ಟು ದೂರ? ಇಲ್ಲಿ ಒಂದು ನಿಯಮ ಬೇಕು. ನಾನು ಸರಾಸರಿ ಲಿಂಕೇಜ್ ಹಿಡಿದಿದ್ದೇನೆ. ಒಂದು ಗುಂಪಿನ ಪ್ರತಿಯೊಬ್ಬರಿಂದ ಇನ್ನೊಂದು ಗುಂಪಿನ ಪ್ರತಿಯೊಬ್ಬರಿಗೆ ಇರುವ ದೂರ ಬರೆದು, ಅದರ ಸರಾಸರಿ ತೆಗೆಯುವುದು ಆ ನಿಯಮ. ಗ ದಿಂದ ಕ ಗೆ 0.7, ಖ ಗೆ 0.5, ಸರಾಸರಿ 0.6. ಆದ್ದರಿಂದ ಗ ಸೇರುವುದು 0.6ರ ಎತ್ತರದಲ್ಲಿ. ಹೀಗೇ ದ ಹೊಲ ತ-ಥ ಜೋಡಿಗೆ 1.0ರಲ್ಲಿ ಸೇರುತ್ತದೆ. ಪ ಮತ್ತು ಫ 1.1ರಲ್ಲಿ ಒಂದಾಗುತ್ತವೆ.

ಈಗ ಮೂರು ಗುಂಪು ಉಳಿದವು. ಕ-ಖ-ಗ ಗುಂಪು ತ-ಥ-ದ ಗುಂಪಿಗೆ ಸೇರುವುದು 2.63ರಲ್ಲಿ, ಒಂಬತ್ತು ದೂರಗಳ ಸರಾಸರಿ ಅದು. ಕೊನೆಗೆ ಈ ಆರೂ ಪ-ಫ ಜೊತೆ 6.33ರಲ್ಲಿ ಕೂಡುತ್ತವೆ. ಇವಿಷ್ಟನ್ನೂ ಚಿತ್ರವಾಗಿ ಬರೆದರೆ ಅದೇ ಡೆಂಡ್ರೋಗ್ರಾಮ್. ಕೆಳಗೆ ಎಂಟು ಎಲೆ, ಮೇಲೆ ಏಳು ಅಡ್ಡಪಟ್ಟಿ. ಪ್ರತಿ ಅಡ್ಡಪಟ್ಟಿ ಒಂದು ಸೇರಿಕೆ.

ಎರಡು ಹೊಲ ಎಷ್ಟು ಹತ್ತಿರ ಅಂತ ಚಿತ್ರದಲ್ಲಿ ಹೇಗೆ ಓದುವುದು?

ಎರಡೂ ಎಲೆಗಳಿಂದ ಮೇಲಕ್ಕೆ ಹತ್ತಿ. ಎರಡು ದಾರಿ ಮೊದಲು ಕೂಡುವ ಅಡ್ಡಪಟ್ಟಿಯ ಎತ್ತರ ನೋಡಿ. ಅದಷ್ಟೇ ಓದಬೇಕಾದದ್ದು.

ಆದರೆ ಆ ಎತ್ತರ ನಿಜವಾದ ದೂರವಲ್ಲ ಅನ್ನುವುದೂ ನೆನಪಿರಲಿ. ಗ ಮತ್ತು ತ ನಡುವಿನ ನಿಜವಾದ ಅಂತರ 1.7. ಕ ಮತ್ತು ದ ನಡುವಿನದು 3.6. ಗಿಡದಲ್ಲಿ ಎರಡು ಜೋಡಿಯೂ 2.63ರಲ್ಲೇ ಕೂಡುತ್ತವೆ. ಗುಂಪು ಗುಂಪಾಗಿ ಸೇರಿಸಿದ ಮೇಲೆ ಒಬ್ಬೊಬ್ಬರ ಲೆಕ್ಕ ಕಳೆದುಹೋಗುತ್ತದೆ. ಗಿಡದ ಕೆಳಭಾಗ ಸಾಮಾನ್ಯವಾಗಿ ನಂಬಲರ್ಹ, ಮೇಲಕ್ಕೆ ಹೋದಂತೆ ಅದು ಹೆಚ್ಚು ಹೆಚ್ಚು ಸರಾಸರಿಯ ಮಾತು.

ಪಕ್ಕಪಕ್ಕದಲ್ಲಿರುವ ಎಲೆಗಳು ಹತ್ತಿರದವು ಅಲ್ವಾ?

ಅಲ್ಲ. ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು ಇದೇ.

ಒಮ್ಮೆ ಒಬ್ಬ ಹಿರಿಯ ರೈತರು ಚಿತ್ರ ನೋಡಿ, “ತಮ್ಮಾ, ಈ ಗಿಡದಾಗ ನಮ್ಮ ಹೊಲ ಎಲ್ಲಿ ಐತಿ?” ಅಂದರು. ತೋರಿಸಿದೆ. “ಹಂಗಾದ್ರ ಬಾಜೂಕ ಇರೋದು ನಮ್ಮಂಥದ್ದೇ ಹೊಲ ಅನ್ನು” ಅಂದರು. ಬಾಜೂಕ ಇದ್ದದ್ದು ಬೇರೆ ಗುಂಪಿನ ಕೊನೆಯ ಎಲೆ. ಅವರು ಹಾಗೆ ಓದಿದ್ದು ಸಹಜ, ಚಿತ್ರ ಹಾಗೇ ಕಾಣುತ್ತದೆ.

ತೊಟ್ಟಿಲ ಮೇಲೆ ತೂಗುಬಿಡುವ ಗಿಳಿಗೊಂಚಲು ನೆನೆಸಿಕೊಳ್ಳಿ. ಗಾಳಿ ಬೀಸಿದಾಗ ಪ್ರತಿ ಕಡ್ಡಿಯೂ ತಿರುಗುತ್ತದೆ. ಎಡದ ಗಿಳಿ ಬಲಕ್ಕೆ ಬರುತ್ತದೆ, ಆದರೆ ಯಾವ ದಾರವೂ ಹರಿಯುವುದಿಲ್ಲ. ಗಿಡದ ಪ್ರತಿ ಅಡ್ಡಪಟ್ಟಿಯನ್ನೂ ಹೀಗೆ ತಿರುಗಿಸಬಹುದು. ಏಳು ಅಡ್ಡಪಟ್ಟಿಗೆ ಎರಡೆರಡು ಸ್ಥಿತಿ, ಒಟ್ಟು 128 ಬಗೆಯ ಚಿತ್ರ. ಎಲ್ಲವೂ ಒಂದೇ ಗಿಡ. ಒಂದರಲ್ಲಿ ತ ಪಕ್ಕ ಗ ಇರುತ್ತದೆ, ಇನ್ನೊಂದರಲ್ಲಿ ಅದೇ ತ ಪಕ್ಕ ಕ ಇರುತ್ತದೆ. ಅದಕ್ಕೇ ಎಡ-ಬಲ ಮರೆತು ಮೇಲೆ-ಕೆಳಗೆ ಮಾತ್ರ ಓದಿ.

ಸರಿ, ಎಲ್ಲಿ ಕತ್ತರಿಸಬೇಕು?

ಒಂದು ಎತ್ತರ ಆರಿಸಿ ಅಡ್ಡಗೆರೆ ಎಳೆಯಿರಿ. ಗೆರೆ ಎಷ್ಟು ಲಂಬ ಕೊಂಬೆಗಳನ್ನು ಕತ್ತರಿಸುತ್ತದೋ ಅಷ್ಟು ಗುಂಪು. ಎಲ್ಲರೂ ಮೊದಲು ಕಲಿಯುವ ನಿಯಮ ಎಂದರೆ, ಏರುವ ಎತ್ತರಗಳ ನಡುವೆ ಅತಿ ದೊಡ್ಡ ಜಿಗಿತ ಎಲ್ಲಿದೆಯೋ ಅಲ್ಲಿ ಗೆರೆ ಎಳೆ ಅನ್ನುವುದು.

ನಮ್ಮ ಎತ್ತರಗಳು 0.2, 0.4, 0.6, 1.0, 1.1, 2.63, 6.33. ಅತಿ ದೊಡ್ಡ ಜಿಗಿತ 2.63ರಿಂದ 6.33ಕ್ಕೆ, ಅಂದರೆ 3.70. ಅಲ್ಲಿ ಗೆರೆ ಎಳೆದರೆ ಎರಡು ಗುಂಪು: ಪ ಮತ್ತು ಫ ಒಂದು ಕಡೆ, ಉಳಿದ ಆರೂ ಇನ್ನೊಂದು ಕಡೆ. ಎರಡನೇ ದೊಡ್ಡ ಜಿಗಿತ 1.1ರಿಂದ 2.63ಕ್ಕೆ, ಅಂದರೆ 1.53. ಅಲ್ಲಿ ಕತ್ತರಿಸಿದರೆ ಮೂರು ಗುಂಪು.

ಜಿಗಿತದ ನಿಯಮ ಎರಡು ಅನ್ನುತ್ತದೆ. ನಾನು ಮೂರು ಅನ್ನುತ್ತೇನೆ. ಯಾಕೆ ಅನ್ನುವುದು ಮುಂದಿನ ಪ್ರಶ್ನೆ.

ದೊಡ್ಡ ಜಿಗಿತ ಬಿಟ್ಟು ಚಿಕ್ಕ ಜಿಗಿತ ಯಾಕೆ ಹಿಡಿಯಬೇಕು?

ಇ.ಸಿ. ಥರದ ಅಳತೆಗಳಲ್ಲಿ ಬಹಳಷ್ಟು ಹೊಲ ಕೆಳಗೆ, ಕೆಲವು ಮಾತ್ರ ತೀರಾ ಮೇಲೆ ಇರುತ್ತವೆ. ಇಂಥದ್ದಕ್ಕೆ ಲಾಗ್ ತೆಗೆದು ನೋಡುವ ರೂಢಿ ಇದೆ. ಲಾಗ್ ತೆಗೆದಾಗ ದೂರ ಅಂದರೆ ಕಳೆದು ಬಂದ ಅಂಕಿ ಅಲ್ಲ, ಎಷ್ಟು ಪಟ್ಟು ಅನ್ನುವುದು. ಅದೇ ಎಂಟು ಹೊಲಕ್ಕೆ ನ್ಯಾಚುರಲ್ ಲಾಗ್ ತೆಗೆದು, ಅದೇ ಸರಾಸರಿ ಲಿಂಕೇಜ್‌ನಲ್ಲಿ ಗಿಡ ಕಟ್ಟಿ.

ಈಗ ನೋಡಿ ಏನಾಗುತ್ತದೆ. ತ-ಥ-ದ ಗುಂಪು ಕ-ಖ-ಗ ಕಡೆ ಹೋಗುವುದಿಲ್ಲ. ಅದು 0.89ರ ಎತ್ತರದಲ್ಲಿ ಪ-ಫ ಜೊತೆ ಸೇರುತ್ತದೆ. ಕ-ಖ-ಗ ಒಂಟಿಯಾಗಿ ಉಳಿದು 1.77ರಲ್ಲಿ ಕೊನೆಗೆ ಕೂಡುತ್ತದೆ. ಕಾರಣ ಸರಳ. ದ ದಿಂದ ಪ ಗೆ 4.2ರಿಂದ 8.0, ಎರಡು ಪಟ್ಟೂ ಇಲ್ಲ. ಗ ದಿಂದ ತ ಗೆ 1.3ರಿಂದ 3.0, ಎರಡು ಪಟ್ಟು ದಾಟಿತು. ಕಳೆದು ನೋಡಿದಾಗ ಮಾತ್ರ ಮೊದಲನೆಯದು 3.8, ಎರಡನೆಯದು 1.7.

ಈ ಗಿಡದಲ್ಲೂ ದೊಡ್ಡ ಜಿಗಿತ ಎರಡು ಗುಂಪು ಅಂತಲೇ ಹೇಳುತ್ತದೆ. ಆದರೆ ಅವು ಬೇರೆ ಎರಡು ಗುಂಪು! ಮೊದಲ ಗಿಡದಲ್ಲಿ ತ-ಥ-ದ ಒಳ್ಳೆಯ ಹೊಲಗಳ ಜೊತೆ, ಎರಡನೆಯದರಲ್ಲಿ ಉಪ್ಪಿನ ಹೊಲಗಳ ಜೊತೆ. ಅಂಥ ಉತ್ತರ ಹಿಡಿದು ಒಬ್ಬ ರೈತರಿಗೆ ನಾನು ಏನು ಹೇಳಲಿ?

ಮೂರು ಗುಂಪಿಗೆ ಕತ್ತರಿಸಿದರೆ ಎರಡೂ ಗಿಡ ಒಂದೇ ಮಾತು ಹೇಳುತ್ತವೆ: ಕ-ಖ-ಗ, ತ-ಥ-ದ, ಪ-ಫ. ಜಿಗಿತ ಚಿಕ್ಕದು ನಿಜ, ಲಾಗ್ ಗಿಡದಲ್ಲಂತೂ 0.63ರಿಂದ 0.89ರವರೆಗೆ ಅಷ್ಟೇ ಜಾಗ. ಆದರೂ ಆ ಗುಂಪುಗಳು ಅಲುಗಾಡುವುದಿಲ್ಲ. ಅಳತೆಯಲ್ಲಿ ಪ್ರತಿ ಹೊಲಕ್ಕೆ 0.2ರಷ್ಟು ಆಚೀಚೆ ಆದರೂ ಮೊದಲ ಗಿಡದ ಆ ಮೂರು ಗುಂಪು ಹಾಗೇ ಉಳಿಯುತ್ತವೆ, ನಾನು ಕೆಟ್ಟದ್ದರಲ್ಲಿ ಕೆಟ್ಟ ಜೋಡಣೆಗಳನ್ನೂ ಲೆಕ್ಕ ಹಾಕಿ ನೋಡಿದ್ದೇನೆ. ಹಾಗಾಗಿ ಜಿಗಿತವನ್ನು ನಾನು ಒಂದು ಸುಳಿವು ಅಂತ ಮಾತ್ರ ತೆಗೆದುಕೊಳ್ಳುತ್ತೇನೆ. ಗಿಡ ಅಲುಗಿಸಿ, ಏನು ಉಳಿಯುತ್ತದೆ ಅಂತ ನೋಡಿದ ಮೇಲೆಯೇ ಗೆರೆ.

ಇನ್ನೊಂದು ಕಾರಣ ಬೆಳೆಯದು. ಭತ್ತದ ಇಳುವರಿ ಇ.ಸಿ. ಸುಮಾರು 3 ದಾಟಿದ ಮೇಲೆ ಇಳಿಯಲು ಶುರುವಾಗುತ್ತದೆ. ತ, ಥ, ದ ಇರುವುದು ಸರಿಯಾಗಿ ಆ ಅಂಚಿನಲ್ಲಿ. ಇವತ್ತು ನೋಡಿಕೊಂಡರೆ ಉಳಿಯುವ ಹೊಲಗಳು ಅವು. ಅವನ್ನು ಒಳ್ಳೆಯ ಹೊಲದ ಗುಂಪಿಗೆ ಹಾಕಿದರೆ ಯಾರೂ ಅವುಗಳ ಕಡೆ ನೋಡುವುದಿಲ್ಲ. ಪ-ಫ ಜೊತೆ ಹಾಕಿದರೆ ಬೇಡದ ಖರ್ಚು.

ಇ.ಸಿ. 4 ಮೀರಿದರೆ ಸವಳು ಅನ್ನುವ ಗಡಿ ಇದೆಯಲ್ಲ, ಮತ್ತೆ ಇದೆಲ್ಲ ಯಾಕೆ?

ಒಂದೇ ಅಳತೆ, ಗಡಿ ಗೊತ್ತಿದೆ, ಕೇಳಿದ್ದು “ಇದು ಸವಳೋ ಅಲ್ಲವೋ” ಅಷ್ಟೇ ಅಂದರೆ ಕ್ಲಸ್ಟರಿಂಗ್ ಬೇಡವೇ ಬೇಡ. ಗಡಿ ಹಾಕಿ ಮುಗಿಸಿ. ಗಿಡಕ್ಕೆ 4 ಅನ್ನುವ ಗಡಿ ಗೊತ್ತಿಲ್ಲ. ಅದಕ್ಕೇ 4.2 ಇರುವ ದ ಹೊಲ 3.0ರ ತ ಜೊತೆ ಕೂತಿದೆ. ಕ್ಲಸ್ಟರಿಂಗ್ ಹೇಳುವುದು ಯಾವ ಹೊಲ ಯಾವುದರ ಹಾಗಿದೆ ಅಂತ ಮಾತ್ರ. ಇ.ಸಿ., ಪಿ.ಎಚ್., ಸೋಡಿಯಂ, ನೀರಿನ ಮಟ್ಟ ಎಲ್ಲ ಸೇರಿದಾಗ ಒಂದು ಗಡಿಯಿಂದ ಕೆಲಸ ಆಗುವುದಿಲ್ಲ. ಇದು ಬೇಕಾಗುವುದು ಆಗ.

ಸಾಫ್ಟ್‌ವೇರ್ ತಾನೇ ಬಣ್ಣ ಹಾಕಿ ಗುಂಪು ತೋರಿಸಿತು. ಅದನ್ನೇ ತೆಗೆದುಕೊಳ್ಳಬಹುದಾ?

ಬೇಡ. ಪೈಥಾನ್‌ನ ಸೈಪೈನಲ್ಲಿ `dendrogram` ಅನ್ನು ಸುಮ್ನೆ ಕರೆದರೆ, ಅತಿ ಎತ್ತರದ ಸೇರಿಕೆಯ ಶೇ. 70ರ ಮಟ್ಟದಲ್ಲಿ ಅದು ಬಣ್ಣ ಬದಲಿಸುತ್ತದೆ. ನಮ್ಮ ಗಿಡದಲ್ಲಿ 6.33ರ ಶೇ. 70 ಅಂದರೆ 4.43. ಹಾಗಾಗಿ ಆ ಮಟ್ಟದ ಕೆಳಗೆ ಎರಡು ಬಣ್ಣ ಬರುತ್ತದೆ. ಆ 70ಕ್ಕೂ ನಿಮ್ಮ ಮಣ್ಣಿಗೂ ಯಾವ ಸಂಬಂಧವೂ ಇಲ್ಲ. ಬಣ್ಣ ಎಣಿಸಿ “ಎರಡು ಗುಂಪು ಸಿಕ್ಕವು” ಅಂತ ಬರೆದ ವರದಿಗಳನ್ನು ನಾನು ತಿದ್ದಿದ್ದೇನೆ. ಗೆರೆಯನ್ನು ನೀವೇ ಕೊಡಿ:

```python
import numpy as np
import matplotlib.pyplot as plt
from scipy.cluster.hierarchy import linkage, dendrogram, fcluster

ec = np.array([0.6, 0.8, 1.3, 3.0, 3.4, 4.2, 8.0, 9.1]).reshape(-1, 1)
Z = linkage(ec, method="average")
print(Z[:, 2].round(2))
print(fcluster(Z, t=1.8, criterion="distance"))
dendrogram(Z, color_threshold=1.8)
plt.show()
```

ಮೊದಲ `print` ಮೇಲೆ ಕೈಯಿಂದ ತೆಗೆದ ಏಳು ಎತ್ತರಗಳನ್ನೇ ಕೊಡುತ್ತದೆ. ಹೊಂದಿಸಿ ನೋಡಿ. 1.8 ಅನ್ನುವುದು 1.1 ಮತ್ತು 2.63ರ ನಡುವಿನ ಯಾವುದೋ ಒಂದು ಅಂಕಿ. ಆ ಎರಡರ ನಡುವೆ ಎಲ್ಲೇ ಇಟ್ಟರೂ ಗುಂಪು ಬದಲಾಗದು. ಲಾಗ್ ಗಿಡಕ್ಕೆ `linkage(np.log(ec), method="average")` ಅಂತ ಬರೆದು, ಗೆರೆಯನ್ನು 0.63 ಮತ್ತು 0.89ರ ನಡುವೆ ಇಡಿ.

ಯಾವ ಲಿಂಕೇಜ್ ಆರಿಸಬೇಕು?

ಮೊದಲು, `method` ಬರೆಯದೆ ಬಿಡಬೇಡಿ. ಬರೆಯದಿದ್ದರೆ ಸೈಪೈ ಸಿಂಗಲ್ ಲಿಂಕೇಜ್ ಹಿಡಿಯುತ್ತದೆ, ಆರ್ ಭಾಷೆಯ `hclust` ಎರಡು ಗುಂಪಿನ ಅತಿ ದೂರದ ಇಬ್ಬರನ್ನು ನೋಡುವ ಕಂಪ್ಲೀಟ್ ಲಿಂಕೇಜ್ ಹಿಡಿಯುತ್ತದೆ. ಇಬ್ಬರು ಗೆಳೆಯರು ಒಂದೇ ಅಂಕಿಗಳಿಂದ ಬೇರೆ ಬೇರೆ ಗಿಡ ತಂದಾಗ ಕಾರಣ ಹೆಚ್ಚಾಗಿ ಇದೇ ಇರುತ್ತದೆ.

ಸಿಂಗಲ್ ಲಿಂಕೇಜ್ ಎರಡು ಗುಂಪಿನ ಅತಿ ಹತ್ತಿರದ ಇಬ್ಬರನ್ನು ಮಾತ್ರ ನೋಡುತ್ತದೆ. ಅದರ ತೊಂದರೆ ಸರಪಳಿ. ದ ಮತ್ತು ಪ ನಡುವೆ 5.4 ಮತ್ತು 6.7 ಇರುವ ಇನ್ನೆರಡು ಹೊಲ ಬಂದವು ಅನ್ನಿ. ಈಗ 4.2, 5.4, 6.7, 8.0 ಒಂದರ ಕೈ ಒಂದು ಹಿಡಿಯುತ್ತವೆ. 1.3ರ ಎತ್ತರದೊಳಗೆ 3.0ರ ಹೊಲದಿಂದ 9.1ರ ಹೊಲದವರೆಗೆ ಎಲ್ಲವೂ ಒಂದೇ ಗುಂಪು ಆಗಿಬಿಡುತ್ತವೆ. ಚಿತ್ರದಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಒಂದೊಂದೇ ಎಲೆ ದೊಡ್ಡ ಗುಂಪಿಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಮೆಟ್ಟಿಲು ಕಂಡರೆ ಲಿಂಕೇಜ್ ಬದಲಿಸಿ ನೋಡಿ.

ವಾರ್ಡ್ ವಿಧಾನ 1963ರದು. ಎರಡು ಗುಂಪು ಸೇರಿದಾಗ ಗುಂಪಿನೊಳಗಿನ ಚದುರಿಕೆ ಎಷ್ಟು ಹೆಚ್ಚಿತು ಅಂತ ಅದು ನೋಡುತ್ತದೆ. ಒಳ್ಳೆಯ ವಿಧಾನ, ನಾನೂ ಬಳಸುತ್ತೇನೆ. ಆದರೆ ಗುಂಪಿನಲ್ಲಿ ಜನ ಹೆಚ್ಚಿದಂತೆ ಅದರ ಎತ್ತರಗಳೂ ಹಿಗ್ಗುತ್ತವೆ. ನಮ್ಮ ಎಂಟು ಹೊಲಕ್ಕೆ ಸೈಪೈ ವಾರ್ಡ್ ಕೊಡುವ ಕೊನೆಯ ಎರಡು ಎತ್ತರ 4.56 ಮತ್ತು 10.97. ಸರಾಸರಿ ಲಿಂಕೇಜ್‌ನಲ್ಲಿ ಅವೇ 2.63 ಮತ್ತು 6.33 ಇದ್ದವು. ಮಣ್ಣು ಅದೇ, ಗುಂಪೂ ಅವೇ, ಜಿಗಿತ ಮಾತ್ರ ಭಾರಿ ಕಾಣುತ್ತದೆ. ವಾರ್ಡ್ ಗಿಡದ ಎತ್ತರವನ್ನು ಬೇರೆ ಲಿಂಕೇಜ್‌ನ ಎತ್ತರದ ಜೊತೆ ಹೋಲಿಸಬೇಡಿ.

ಆ ಎರಡು ಹೊಲ ನಿಜವಾಗಿ ಬಂದರೆ ಸರಾಸರಿ ಲಿಂಕೇಜ್‌ನ ಮೂರು ಗುಂಪು ಉಳಿಯುತ್ತವಾ?

ಇದನ್ನು ಕೇಳಿದ ಹುಡುಗಿಗೆ ನಾನು ಋಣಿ. ನಾನು ಹೇಳುತ್ತಿದ್ದ “ಅಲುಗಿಸಿ ನೋಡಿ” ಅನ್ನುವ ಮಾತನ್ನು ಆಕೆ ನನ್ನ ಉತ್ತರದ ಮೇಲೇ ಪ್ರಯೋಗಿಸಿದಳು.

5.4 ಮತ್ತು 6.7 ಮೊದಲು ತಮ್ಮಲ್ಲೇ ಸೇರುತ್ತವೆ, 1.3ರಲ್ಲಿ. ಆ ಜೋಡಿಯಿಂದ ಪ-ಫ ಗೆ 2.50. ತ-ಥ-ದ ಗೆ 2.52. ಕೂದಲೆಳೆಯ ವ್ಯತ್ಯಾಸ! ಗಿಡ ಅದನ್ನು ಪ-ಫ ಕಡೆ ಹಾಕುತ್ತದೆ. 5.4ರ ಬದಲು 5.3 ಅಂತ ಬಂದಿದ್ದರೆ ಅದೇ ಜೋಡಿ ತ-ಥ-ದ ಕಡೆ ಹೋಗುತ್ತಿತ್ತು. 0.1ರ ವ್ಯತ್ಯಾಸ ಅದೇ ಹೊಲದ ಎರಡು ಮೂಲೆಯ ಮಣ್ಣಲ್ಲೂ ಬರಬಹುದು.

ಆಮೇಲೆ ಕ-ಖ-ಗ ಮತ್ತು ತ-ಥ-ದ ಮೊದಲಿನಂತೆ 2.63ರಲ್ಲಿ ಸೇರುತ್ತವೆ. ಅಂದರೆ ಮೂರು ಗುಂಪಿಗೆ ಉಳಿದ ಜಾಗ 2.50ರಿಂದ 2.63ರವರೆಗೆ ಮಾತ್ರ. ನಾಲ್ಕು ಗುಂಪಿಗೆ 1.3ರಿಂದ 2.50ರವರೆಗೆ ಧಾರಾಳ ಜಾಗ ಇದೆ. ಹತ್ತು ಹೊಲ ಆದಾಗ ನಾನು ನಾಲ್ಕಕ್ಕೆ ಕತ್ತರಿಸುತ್ತೇನೆ, ಮಧ್ಯದ ಜೋಡಿಯನ್ನು ಬೇರೆಯಾಗಿಯೇ ಇಡುತ್ತೇನೆ. ಎಂಟಕ್ಕೆ ಹೇಳಿದ ಮೂರು ಸುಳ್ಳಾಗಿರಲಿಲ್ಲ, ಆ ಎಂಟು ಹೊಲಕ್ಕೆ ಅದು ಸರಿ. ಮಾದರಿ ತೆಗೆದ ಜಾಗಗಳ ನಡುವೆ ಖಾಲಿ ಬಿಟ್ಟದ್ದು ನಾವು. ಆ ಖಾಲಿಯೇ ಗಿಡದಲ್ಲಿ ಜಿಗಿತವಾಗಿ ಕಂಡಿತ್ತು.

ಹಲವು ಅಳತೆ ಇದ್ದಾಗ ಏನು ಮಾಡಬೇಕು?

ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶ ಇರುತ್ತವೆ. ಪೊಟ್ಯಾಷ್ ಹೆಕ್ಟೇರ್‌ಗೆ ನೂರಾರು ಕಿಲೋ ಲೆಕ್ಕದಲ್ಲಿ, ಪಿ.ಎಚ್. ಏಳು ಎಂಟರ ಆಸುಪಾಸಿನಲ್ಲಿ. ಹಾಗೇ ಹಾಕಿದರೆ ಪೊಟ್ಯಾಷ್ 50 ಕಿಲೋ ವ್ಯತ್ಯಾಸದ ಮುಂದೆ ಪಿ.ಎಚ್.ನ ಒಂದು ಪೂರ್ತಿ ಅಂಕ ಕಾಣಿಸುವುದೇ ಇಲ್ಲ. ನಿಮಗೆ ಸಿಗುವುದು ಪೊಟ್ಯಾಷ್ ಗಿಡ. ಪ್ರತಿ ಅಂಶದಿಂದ ಅದರ ಸರಾಸರಿ ಕಳೆದು, ಅದರ ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿ, ಆಮೇಲೆ ದೂರ ತೆಗೆಯಿರಿ. ಓರೆಯಾಗಿ ಹರಡಿದ ಅಂಶಕ್ಕೆ ಮೊದಲು ಲಾಗ್, ನಂತರ ಇದು.

ಗುಂಪುಗಳು ಬಹಳ ಸ್ಪಷ್ಟವಾಗಿ ಬಂದರೆ ನೆಮ್ಮದಿ ಪಡಬಹುದಾ?

ಬಹಳ ಸ್ಪಷ್ಟವಾಗಿ ಬಂದಾಗಲೇ ನನಗೆ ಅನುಮಾನ ಬರುತ್ತದೆ. ಒಮ್ಮೆ ನನ್ನ ಗಿಡ ಎರಡೇ ದಪ್ಪ ಕೊಂಬೆಯಾಗಿ ಬಂತು, ನಡುವೆ ದೊಡ್ಡ ಜಿಗಿತ. ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ನೋಡಿದರೆ, ಒಂದು ಕೊಂಬೆಯ ಮಣ್ಣೆಲ್ಲ ಒಂದು ಲ್ಯಾಬ್‌ನಲ್ಲಿ, ಇನ್ನೊಂದರದು ಬೇರೆ ಲ್ಯಾಬ್‌ನಲ್ಲಿ ಪರೀಕ್ಷೆ ಆಗಿತ್ತು. ಒಂದರಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ ಇ.ಸಿ. ಅಳೆದಿದ್ದರು. ಇನ್ನೊಂದರಲ್ಲಿ ಮಣ್ಣನ್ನು ನೀರಲ್ಲಿ ಹದವಾಗಿ ನೆನೆಸಿ, ಆ ಕೆಸರಿನಿಂದ ಹಿಂಡಿದ ನೀರನ್ನು ಅಳೆದಿದ್ದರು. ನೀರು ಜಾಸ್ತಿ ಹಾಕಿದರೆ ಉಪ್ಪು ತೆಳುವಾಗಿ ಅಂಕಿ ಇಳಿಯುತ್ತದೆ. 3, 4 ಅನ್ನುವ ಗಡಿಗಳು ಎರಡನೇ ವಿಧಾನದ್ದು. ನನ್ನ ಗಿಡ ಗುಂಪು ಮಾಡಿದ್ದು ಹೊಲಗಳನ್ನಲ್ಲ, ಲ್ಯಾಬ್‌ಗಳನ್ನು. ಅದನ್ನೇ ಹಿಡಿದು ಬಸಿಗಾಲುವೆಗೆ ಹೊಲ ಆರಿಸಿದ್ದರೆ ಅನ್ನುವುದು ಇವತ್ತಿಗೂ ಮನಸ್ಸಿಗೆ ಬರುತ್ತದೆ.

ಅಂದಿನಿಂದ ಎಲೆಗಳ ಕೆಳಗೆ ಹೊಲದ ಹೆಸರು ಬರೆದ ಮೇಲೆ ಇನ್ನೂ ಮೂರು ಸಾಲು ಬರೆಯುತ್ತೇನೆ: ಯಾವ ಲ್ಯಾಬ್, ಯಾವ ತಿಂಗಳು, ಎಷ್ಟು ಆಳದ ಮಣ್ಣು. ಕೊಂಬೆ ಇವುಗಳ ಪ್ರಕಾರ ಒಡೆದಿದ್ದರೆ ಅಲ್ಲೇ ನಿಲ್ಲಿಸುತ್ತೇನೆ.

ಗುಂಪೇ ಇಲ್ಲದಿದ್ದರೂ ಗಿಡ ಬರುತ್ತದಾ?

ಬರುತ್ತದೆ. 0.6ರಿಂದ 9.1ರ ನಡುವೆ ಮನಸ್ಸಿಗೆ ಬಂದ ಎಂಟು ಅಂಕಿ ಹಾಕಿ ನೋಡಿ, ಚೆಂದದ ಗಿಡವೇ ಬರುತ್ತದೆ, ಜಿಗಿತವೂ ಇರುತ್ತದೆ. ಹೀಗೆ ಯಾದೃಚ್ಛಿಕ ಅಂಕಿಗಳಿಂದ ನೂರು ಗಿಡ ಕಟ್ಟಿ, ಪ್ರತಿಯೊಂದರ ಅತಿ ದೊಡ್ಡ ಜಿಗಿತ ಬರೆದಿಡಿ. ನಿಮ್ಮ ಗಿಡದ ಜಿಗಿತ ಆ ನೂರರ ನಡುವೆ ಎಲ್ಲೋ ಕೂತರೆ, ಗುಂಪು ಇದೆ ಅಂತ ಹೇಳಬೇಡಿ.

ಸಾವಿರಾರು ಹೊಲ ಇದ್ದರೆ?

ಪ್ರತಿ ಜೋಡಿಗೂ ದೂರ ಬೇಕು. ಎಂಟು ಹೊಲಕ್ಕೆ 28 ದೂರ, ಸಾವಿರಕ್ಕೆ 4,99,500, ಹತ್ತು ಸಾವಿರಕ್ಕೆ ಸುಮಾರು 5 ಕೋಟಿ. ಕಂಪ್ಯೂಟರ್ ಹೇಗೋ ತಾಳಿಕೊಂಡರೂ ಅಷ್ಟು ಎಲೆಯ ಚಿತ್ರ ಕಣ್ಣಿಗೆ ಓದಲಾಗದು. ನಾನು ಒಂದೊಂದು ಉಪಕಾಲುವೆಗೆ ಒಂದೊಂದು ಗಿಡ ಕಟ್ಟುತ್ತೇನೆ.

ವರದಿಯಲ್ಲಿ ಏನು ಬರೆಯಬೇಕು?

ಯಾವ ಅಳತೆ, ಲಾಗ್ ತೆಗೆದಿರೋ ಇಲ್ಲವೋ, ಯಾವ ಲಿಂಕೇಜ್, ಗೆರೆ ಯಾವ ಎತ್ತರದಲ್ಲಿ, ಆ ಗೆರೆಯನ್ನು ಎಲ್ಲಿಂದ ಎಲ್ಲಿಯವರೆಗೆ ಸರಿಸಿದರೂ ಗುಂಪು ಬದಲಾಗದು, ಇಷ್ಟು ಇರಲಿ. ಜೊತೆಗೆ ಯಾವ ಹೊಲ ಅಂಚಿನಲ್ಲಿದೆ ಅನ್ನುವುದನ್ನು ಹೆಸರಿಟ್ಟು ಬರೆಯಿರಿ. ಹತ್ತು ಹೊಲದ ಗಿಡದಲ್ಲಿ ಅದು 5.4 ಮತ್ತು 6.7ರ ಜೋಡಿ. ಮುಂದಿನ ಬೆಳೆ ಕೊಯ್ದ ಮೇಲೆ ಮೊದಲು ಮಣ್ಣು ತೆಗೆಯಬೇಕಾದದ್ದು ಆ ಎರಡು ಹೊಲಗಳಿಂದ.